ಒಂದು ದಿನದ ಟ್ಯಾಂಕ್, ಎರಡು ದಿನದ ಟ್ಯಾಂಕ್: ಆರು ಜನರ ಮನೆಗೆ ಯಾವುದು?

ಸೆಪ್ಟಿಕ್ ಟ್ಯಾಂಕ್ ಎಷ್ಟು ದೊಡ್ಡದಿರಬೇಕು ಅಂತ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ನೀರು ಒಳಗೆ ಒಂದು ದಿನ ನಿಂತರೆ ಸಾಕು ಅನ್ನುವವರಿದ್ದಾರೆ. ಎರಡು ದಿನವಾದರೂ ನಿಲ್ಲಬೇಕು ಅನ್ನುವವರೂ ಇದ್ದಾರೆ. ನಮ್ಮ ಮನೆಗೆ ಒಂದು ದಿನದ ಲೆಕ್ಕದಲ್ಲಿ ಕಟ್ಟಿಸಿದ್ದೆವು. ಆಮೇಲೆ ತಮ್ಮ ತನ್ನ ಮನೆ ಕಟ್ಟಿಸುವಾಗ ಎರಡು ದಿನದ ಲೆಕ್ಕ ಹಿಡಿದೆವು. ಎರಡೂ ಮನೆಯಲ್ಲಿ ಆರು ಜನ. ಎರಡರಲ್ಲೂ ಕಕ್ಕಸು, ಬಚ್ಚಲು, ಅಡುಗೆಮನೆ ನೀರೆಲ್ಲ ಟ್ಯಾಂಕಿಗೇ ಹೋಗುತ್ತದೆ. ಹಾಗಾಗಿ ಹೋಲಿಸೋದು ಸುಲಭ.

ಮೊದಲು ಗಾತ್ರದ ಲೆಕ್ಕ. ಟ್ಯಾಂಕಿನಲ್ಲಿ ಎರಡಕ್ಕೆ ಜಾಗ ಬೇಕು: ಹರಿದು ಬಂದ ನೀರು ನಿಲ್ಲೋಕೆ, ಮತ್ತು ಗಸಿ ಸೇರೋಕೆ. ಒಬ್ಬರಿಗೆ ದಿನಕ್ಕೆ 120 ಲೀಟರ್ ಅಂತ ಹಿಡಿದರೆ ಆರು ಜನರಿಂದ 720 ಲೀಟರ್ ನೀರು. ಗಸಿ ಒಬ್ಬರಿಂದ ವರ್ಷಕ್ಕೆ ಸುಮಾರು 40 ಲೀಟರ್, ಮೇಲೆ ತೇಲುವ ಕೆನೆಯೂ ಸೇರಿ. ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸುತ್ತೇವೆ ಅಂದುಕೊಂಡರೆ 40 × 6 × 3, ಅಂದರೆ ಮತ್ತೆ 720 ಲೀಟರ್. ಎರಡೂ ಒಂದೇ ಅಂಕಿ ಬಂದದ್ದು ಆಕಸ್ಮಿಕ ಅಷ್ಟೇ.

```
ಗಾತ್ರ = ಜನ × ದಿನದ ನೀರು × ನಿಲ್ಲುವ ದಿನ + ಜನ × ವರ್ಷದ ಗಸಿ × ವರ್ಷ
ಒಂದು ದಿನ: 6 × 120 × 1 + 6 × 40 × 3 = 1440 ಲೀಟರ್
ಎರಡು ದಿನ: 6 × 120 × 2 + 6 × 40 × 3 = 2160 ಲೀಟರ್
```

ನಿಲ್ಲುವ ಅವಧಿ ಎರಡು ಪಟ್ಟಾದರೂ ಟ್ಯಾಂಕ್ ಬೆಳೆದದ್ದು ಒಂದೂವರೆ ಪಟ್ಟು ಮಾತ್ರ. ಗಸಿಯ ಪಾಲು ಎರಡರಲ್ಲೂ ಅಷ್ಟೇ ಇರುತ್ತದಲ್ವಾ, ಅದಕ್ಕೆ.

ಒಳ ಅಳತೆ ಹಾಕುವಾಗ ಉದ್ದ ಅಗಲಕ್ಕಿಂತ ಎರಡರಿಂದ ನಾಲ್ಕು ಪಟ್ಟು ಇರಲಿ, ಅಗಲ 75 ಸೆಂ.ಮೀ.ಗಿಂತ, ನೀರಿನ ಆಳ 1 ಮೀಟರ್‌ಗಿಂತ ಕಡಿಮೆ ಆಗದಿರಲಿ ಅನ್ನೋದು ರೂಢಿ. ಚೌಕದ ಟ್ಯಾಂಕಾದರೆ ನೀರು ಒಳಬರುವ ಪೈಪಿನಿಂದ ಹೊರಹೋಗುವ ಪೈಪಿಗೆ ನೇರ ದಾರಿ ಹಿಡಿಯುತ್ತದೆ, ಮೂಲೆಯ ನೀರು ಅಲ್ಲೇ ಉಳಿಯುತ್ತದೆ. ನಮ್ಮದು 1.6 × 0.75 ಮೀಟರ್, ತಮ್ಮನದು 2 × 0.9 ಮೀಟರ್. ನೀರಿನ ಆಳ ಎರಡಕ್ಕೂ 1.2 ಮೀಟರ್. ಅದರ ಮೇಲೆ 30 ಸೆಂ.ಮೀ. ಖಾಲಿ ಜಾಗ.

ಈಗ ಬಳಕೆಗೆ ಬರೋಣ. ಕಟ್ಟಿದ ಮೊದಲ ವರ್ಷ ಎರಡೂ ಟ್ಯಾಂಕ್ ಒಂದೇ ಥರ ನಡೆದವು. ಆಗಿನ್ನೂ ಗಸಿ ಹೆಚ್ಚು ಸೇರಿರದ ಕಾರಣ ನಮ್ಮ ಒಂದು ದಿನದ ಟ್ಯಾಂಕಿನಲ್ಲೇ ನೀರು ಹತ್ತಿರ ಹತ್ತಿರ ಎರಡು ದಿನ ನಿಲ್ಲುತ್ತಿತ್ತು. ಎಷ್ಟೋ ಜನ ಇದನ್ನು ನೋಡಿಯೇ ಚಿಕ್ಕ ಟ್ಯಾಂಕಿಗೆ ಸೈ ಅನ್ನುತ್ತಾರೆ. ಟ್ಯಾಂಕಿನ ನಿಜವಾದ ಗಾತ್ರ ಗೊತ್ತಾಗುವುದು ಗಸಿ ತುಂಬಿಕೊಂಡ ಮೇಲೆ, ಖಾಲಿ ಮಾಡಿಸುವ ಹೊತ್ತಿಗೆ.

ಅಳತೆ ನೋಡೋಕೆ ಉದ್ದನೆಯ ಕೋಲಿನ ಕೆಳಭಾಗಕ್ಕೆ ಬಿಳಿ ಟವೆಲ್ ಸುತ್ತಿ, ನೀರು ಹೊರಹೋಗುವ ಟಿ ಪೈಪಿನ ಪಕ್ಕದಲ್ಲಿ ತಳ ಮುಟ್ಟುವವರೆಗೆ ನಿಧಾನವಾಗಿ ಇಳಿಸಬೇಕು. ಒಂದೆರಡು ನಿಮಿಷ ಬಿಟ್ಟು ನೆಟ್ಟಗೆ ಎತ್ತಿದರೆ ಟವೆಲ್ ಮೇಲೆ ಗೆರೆ ಕಾಣುತ್ತದೆ. ಕೆಳಗೆ ಕಪ್ಪು, ಅಂಟಂಟಾಗಿ ಹಿಡಿದಿರುತ್ತದೆ. ಮೇಲೆ ಬರೀ ಬೂದು ಬಣ್ಣದ ಒದ್ದೆ. ಆ ಕಪ್ಪಿನ ಎತ್ತರವೇ ಗಸಿಯ ಎತ್ತರ. (ಮುಚ್ಚಳದ ಮೇಲೆ ಬಗ್ಗಿ ಇಣುಕಬೇಡಿ, ಬೆಂಕಿ ಹತ್ತಿರ ತರಬೇಡಿ, ಒಳಗಂತೂ ಇಳಿಯಲೇಬೇಡಿ. ಅಲ್ಲಿರುವ ಗ್ಯಾಸ್ ಕೆಲವೇ ಉಸಿರಿನಲ್ಲಿ ಆಳನ್ನು ಬೀಳಿಸುತ್ತದೆ.)

ಮೂರು ವರ್ಷದ ಹೊತ್ತಿಗೆ ನಮ್ಮ ಟ್ಯಾಂಕಿನಲ್ಲಿ ಕಪ್ಪು ಗೆರೆ ಅರ್ಧ ಮೀಟರ್ ದಾಟಿತ್ತು. ತಮ್ಮನ ಟ್ಯಾಂಕಿನಲ್ಲಿ ಅಷ್ಟೇ ಸಮಯಕ್ಕೆ 35 ಸೆಂ.ಮೀ. ಹತ್ತಿರ. ಲೆಕ್ಕವೂ ಇದನ್ನೇ ಹೇಳುತ್ತದೆ. ನಮ್ಮ ಟ್ಯಾಂಕಿನ ತಳ 1.2 ಚದರ ಮೀಟರ್, ಹಾಗಾಗಿ 720 ಲೀಟರ್ ಪೂರ್ತಿ ತಳಕ್ಕೇ ಕೂತರೆ 60 ಸೆಂ.ಮೀ. ಅವನದು 1.8 ಚದರ ಮೀಟರ್, 40 ಸೆಂ.ಮೀ. ಕೋಲಿನ ಅಳತೆ ಸ್ವಲ್ಪ ಕಡಿಮೆ ಬರುವುದು ಸಹಜ, ಒಂದು ಪಾಲು ಮೇಲೆ ಕೆನೆಯಾಗಿ ತೇಲುತ್ತಿರುತ್ತದೆ.

ಈ ಹತ್ತಿಪ್ಪತ್ತು ಸೆಂಟಿಮೀಟರ್‌ಗೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು? ನೀರು ಹೊರಹೋಗುವ ಟಿ ಪೈಪಿನ ಬಾಯಿ ಇರುವ ಜಾಗ ನೋಡಿ. ಎರಡೂ ಕಡೆ ಅದು ನೀರಿನ ಮಟ್ಟದಿಂದ 45 ಸೆಂ.ಮೀ. ಕೆಳಗಿದೆ, ಅಂದರೆ ತಳದಿಂದ 75 ಸೆಂ.ಮೀ. ಮೇಲೆ. ಗಸಿ 60ಕ್ಕೆ ಬಂದರೆ ಪೈಪಿನ ಬಾಯಿಗೂ ಗಸಿಗೂ ನಡುವೆ ಉಳಿಯೋದು ಬರೀ ಒಂದು ಗೇಣಿಗಿಂತ ಕಡಿಮೆ, 15 ಸೆಂ.ಮೀ. ಬೆಳಿಗ್ಗೆ ಎಲ್ಲರೂ ಸ್ನಾನ ಮಾಡಿ, ಬಟ್ಟೆ ಒಗೆದ ನೀರೂ ಒಟ್ಟಿಗೆ ಬಂದರೆ ಆ ರಭಸಕ್ಕೆ ಗಸಿ ಕದಡಿ ಪೈಪಿನೊಳಗೆ ಹೋಗುತ್ತದೆ. 40ರಲ್ಲಿದ್ದರೆ 35 ಸೆಂ.ಮೀ. ಅಂತರ ಉಳಿಯುತ್ತದೆ, ಅಷ್ಟು ಬೇಗ ಏಳುವುದಿಲ್ಲ.

ಇನ್ನು ಹೇಳಿದ ಸಮಯಕ್ಕೆ ಖಾಲಿ ಮಾಡಿಸದಿದ್ದರೆ ವ್ಯತ್ಯಾಸ ಇನ್ನೂ ಜಾಸ್ತಿ. ಐದು ವರ್ಷಕ್ಕೆ ಗಸಿ 1200 ಲೀಟರ್ ಆಗುತ್ತದೆ ಅನ್ನಿ. ಒಂದು ದಿನದ ಟ್ಯಾಂಕಿನಲ್ಲಿ ನೀರಿಗೆ ಉಳಿಯೋದು 240 ಲೀಟರ್, ಅಂದರೆ ಎಂಟು ಗಂಟೆ. ಎರಡು ದಿನದ ಟ್ಯಾಂಕಿನಲ್ಲಿ 960 ಲೀಟರ್, 32 ಗಂಟೆ. ಐದನೇ ವರ್ಷದಲ್ಲೂ ಅದು ಒಂದು ದಿನಕ್ಕಿಂತ ಜಾಸ್ತಿಯೇ ನೀರು ನಿಲ್ಲಿಸುತ್ತದೆ. ಮನೆಗೆ ನೆಂಟರು ಬಂದು ಹತ್ತು ಜನ ಆದರೂ ಹೀಗೆಯೇ. ಮೂರನೇ ವರ್ಷದ ಕೊನೆಗೆ ದಿನಕ್ಕೆ 1200 ಲೀಟರ್ ಬಂದರೆ ನಮ್ಮದರಲ್ಲಿ ನೀರು ನಿಲ್ಲೋದು 14 ಗಂಟೆ, ತಮ್ಮನದರಲ್ಲಿ 29 ಗಂಟೆ.

ನಮ್ಮ ಮನೆಯಲ್ಲಿ ನಾಲ್ಕನೇ ವರ್ಷ ಇದು ಕಣ್ಣಿಗೇ ಕಂಡಿತು. ಟ್ಯಾಂಕ್ ಚೆನ್ನಾಗಿಯೇ ಇದ್ದ ಹಾಗಿತ್ತು. ಪೆಟ್ಟು ತಿಂದದ್ದು ಇಂಗುಗುಂಡಿ. ಅದರ ಸುತ್ತ ಮಣ್ಣು ಬಿಸಿಲಲ್ಲೂ ಒದ್ದೆ, ಸಂಜೆ ಹೊತ್ತು ವಾಸನೆ, ಬಚ್ಚಲಿನ ನೀರು ಹೋಗೋದು ನಿಧಾನ. ಗಸಿಯ ಕಣ ಹೋಗಿ ಇಂಗುಗುಂಡಿಯ ಮಣ್ಣಿನ ರಂಧ್ರಗಳನ್ನೆಲ್ಲ ಮುಚ್ಚಿತ್ತು. ಟ್ಯಾಂಕ್ ಖಾಲಿ ಮಾಡಿಸಿದರೂ ಆ ಗುಂಡಿ ಮೊದಲಿನ ಹಾಗೆ ನೀರು ಕುಡಿಯಲಿಲ್ಲ. ಚಿಕ್ಕ ಟ್ಯಾಂಕಿನ ಖರ್ಚು ಅಂದರೆ ನನ್ನ ಪ್ರಕಾರ ಇದೇ. ಟ್ಯಾಂಕಿನಲ್ಲಿ ಉಳಿಸಿದ್ದನ್ನು ಇಂಗುಗುಂಡಿಗೆ ಕೊಡಬೇಕಾಗುತ್ತದೆ.

ಹಾಗಾದರೆ ದೊಡ್ಡದಕ್ಕೆ ಕಾಂಕ್ರೀಟ್ ಎಷ್ಟು ಜಾಸ್ತಿ? ಗೋಡೆಗೆ 15 ಸೆಂ.ಮೀ. ದಪ್ಪ, ಎತ್ತರ 1.5 ಮೀಟರ್ ಹಿಡಿದಿದ್ದೆವು. ಸುತ್ತಳತೆಯನ್ನು ಗೋಡೆಯ ಒಳ ಅಂಚಿನಲ್ಲಿ ತೆಗೆದರೆ ಮೂಲೆಗಳು ಬಿಟ್ಟುಹೋಗುತ್ತವೆ, ಹೊರ ಅಂಚಿನಲ್ಲಿ ತೆಗೆದರೆ ಮೂಲೆಗಳು ಎರಡು ಸಲ ಸೇರುತ್ತವೆ. ಗೋಡೆಯ ನಡುಗೆರೆ ಹಿಡಿದರೆ ಸರಿಯಾಗಿ ಬರುತ್ತದೆ. ಒಳ ಉದ್ದಕ್ಕೂ ಒಳ ಅಗಲಕ್ಕೂ ಒಂದೊಂದು ಗೋಡೆ ದಪ್ಪ ಸೇರಿಸಿ ಕೂಡಿಸಿ, ಎರಡರಿಂದ ಗುಣಿಸಿ, ಅಷ್ಟೇ.

```
ಒಂದು ದಿನ: 2 × (1.75 + 0.90) = 5.30 ಮೀ
          5.30 × 0.15 × 1.5 = 1.19 ಘನ ಮೀ
ಎರಡು ದಿನ: 2 × (2.15 + 1.05) = 6.40 ಮೀ
          6.40 × 0.15 × 1.5 = 1.44 ಘನ ಮೀ
```

ಒಳಗಿನ ಜಾಗ ಶೇ. 50 ಹೆಚ್ಚಾದರೆ ಗೋಡೆಯ ಕಾಂಕ್ರೀಟ್ ಹೆಚ್ಚಿದ್ದು ಶೇ. 21. ಆದರೆ ಇಲ್ಲಿಗೇ ನಿಲ್ಲಿಸಿದರೆ ದೊಡ್ಡ ಟ್ಯಾಂಕಿನ ಪರ ವಾಲಿದ ಹಾಗಾಗುತ್ತದೆ. 2000 ಲೀಟರ್ ದಾಟಿದ ಟ್ಯಾಂಕಿಗೆ ನಡುವೆ ಅಡ್ಡಗೋಡೆ ಕೊಟ್ಟು ಎರಡು ಕೋಣೆ ಮಾಡೋದು ಒಳ್ಳೆಯದು, ಮೊದಲನೆಯದಕ್ಕೆ ಮೂರರಲ್ಲಿ ಎರಡು ಪಾಲು. ತಮ್ಮನ ಟ್ಯಾಂಕಿಗೆ 10 ಸೆಂ.ಮೀ. ಅಡ್ಡಗೋಡೆ ಹಾಕಿಸಿದೆವು. ಅದು ನೀರಿನೊಳಗೆ 0.9 × 0.1 × 1.2, ಅಂದರೆ 108 ಲೀಟರ್ ಜಾಗ ತಿನ್ನುತ್ತದೆ. ಹತ್ತಿರ ಹತ್ತಿರ ಒಬ್ಬರ ಒಂದು ದಿನದ ನೀರು! ಅದಕ್ಕೆ ಒಳ ಉದ್ದ 2.1 ಮೀಟರ್ ಮಾಡಿದೆವು. ಹೊರಗೋಡೆ 1.49 ಘನ ಮೀಟರ್ ಆಯಿತು, ಅಡ್ಡಗೋಡೆಗೆ ಇನ್ನೊಂದು 0.13. ಒಟ್ಟು 1.62.

| | ಒಂದು ದಿನ | ಎರಡು ದಿನ |
|---|---|---|
| ನೀರಿನ ಗಾತ್ರ | 1440 ಲೀ | 2160 ಲೀ |
| ಗೋಡೆಯ ಕಾಂಕ್ರೀಟ್ | 1.19 ಘನ ಮೀ | 1.62 ಘನ ಮೀ |
| ಸಿಮೆಂಟ್ (50 ಕೆ.ಜಿ. ಮೂಟೆ) | 10 | 13 |
| 5 ವರ್ಷಕ್ಕೆ ನೀರು ನಿಲ್ಲುವುದು | 8 ಗಂಟೆ | 32 ಗಂಟೆ |

ಸಿಮೆಂಟ್ ಒಂದಕ್ಕೆ ಒಂದೂವರೆ ಮರಳು, ಮೂರು ಜಲ್ಲಿ ಮಿಶ್ರಣಕ್ಕೆ ಒಂದು ಘನ ಮೀಟರ್‌ಗೆ ಸುಮಾರು ಎಂಟು ಮೂಟೆ ಬೇಕು. ಆ ಲೆಕ್ಕದಲ್ಲೇ ಹಾಕಿದ್ದೇನೆ. ಚೆಲ್ಲಿ ಹೋಗೋದಕ್ಕೆ ಒಂದು ಮೂಟೆ ಜಾಸ್ತಿ ಇಟ್ಟುಕೊಳ್ಳಿ. ತಳ ಮತ್ತು ಮೇಲಿನ ಸ್ಲ್ಯಾಬ್ ಇದರಲ್ಲಿ ಸೇರಿಲ್ಲ.

ಮೂಟೆಗಿಂತ ನೀರಿನ ಮೇಲೆ ಕಣ್ಣಿಡಬೇಕು. ಮೂಟೆಗೆ 25 ಲೀಟರ್ ದಾಟಬಾರದು. 22-23ರಲ್ಲಿ ಮುಗಿದರೆ ಇನ್ನೂ ವಾಸಿ. 15 ಸೆಂ.ಮೀ. ಸಂದಿಯಲ್ಲಿ ಕಬ್ಬಿಣವೂ ಇರುವುದರಿಂದ ಕಾಂಕ್ರೀಟ್ ಇಳಿಯೋದು ಕಷ್ಟ, ಆಗ ಸುಮ್ನೆ ಎರಡು ಬಕೆಟ್ ನೀರು ಹೊಡೆದುಬಿಡುತ್ತಾರೆ. ಬದಲಿಗೆ 12 ಮಿ.ಮೀ. ಜಲ್ಲಿ ತರಿಸಿ, ವೈಬ್ರೇಟರ್ ಹಾಕಿಸಿ. ನೀರು ಜಾಸ್ತಿಯಾದ ಗೋಡೆ ಮೊದಲು ಕೆಡೋದು ನೀರಿನ ಮಟ್ಟದ ಮೇಲಿನ 30 ಸೆಂ.ಮೀ. ಪಟ್ಟಿಯಲ್ಲಿ. ಗಸಿಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅಲ್ಲಿನ ಒದ್ದೆ ಗೋಡೆಯ ಮೇಲೆ ಗಂಧಕಾಮ್ಲವಾಗಿ ಸಿಮೆಂಟ್ ತಿನ್ನುತ್ತದೆ. ನಮ್ಮ ಟ್ಯಾಂಕಿನಲ್ಲಿ ಆ ಪಟ್ಟಿಯಲ್ಲಿ ಜಲ್ಲಿ ತಲೆ ಕಾಣಿಸಿಕೊಂಡಿದೆ. ಅದರ ಕೆಳಗೆ, ನೀರಿನೊಳಗೆ, ಗೋಡೆ ಈಗಲೂ ನುಣ್ಣಗಿದೆ.

ಸೋರುವ ಜಾಗ ಮಾತ್ರ ಬೇರೆ. ತಳ ಹಾಕಿ ನಿಲ್ಲಿಸಿ, ಆಮೇಲೆ ಗೋಡೆ ಏರಿಸುವ ಜಾಯಿಂಟಿನಲ್ಲಿ ಅದು ಶುರುವಾಗುತ್ತದೆ. ಅಲ್ಲಿ ಹಳೆ ಕಾಂಕ್ರೀಟಿನ ಮೇಲಿನ ಬಿಳಿ ಹಾಲುಪದರ ಕೆರೆದು, ಒದ್ದೆ ಮಾಡಿ, ಸಿಮೆಂಟ್ ಹಾಲು ಬಳಿದೇ ಮುಂದುವರಿಸಬೇಕು. ಮಣ್ಣು ತುಂಬುವ ಮೊದಲು ನೀರು ತುಂಬಿಸಿ, ಒಂದು ದಿನ ಗೋಡೆ ಕುಡಿಯಲು ಬಿಟ್ಟು, ಮತ್ತೆ ಮಟ್ಟಕ್ಕೆ ತುಂಬಿಸಿ ಗೆರೆ ಎಳೆಯಿರಿ. ಮರುದಿನ ಅದು ಇಳಿದಿದ್ದರೆ ಮೊದಲು ಆ ಜಾಯಿಂಟನ್ನೇ ನೋಡಿ.

ನನ್ನ ಆಯ್ಕೆ ಎರಡು ದಿನದ್ದು. ಮೂರು ಮೂಟೆ ಸಿಮೆಂಟ್‌ಗೆ ಎರಡು ವರ್ಷದ ಅಸಡ್ಡೆಯನ್ನು ತಡೆದುಕೊಳ್ಳುವ ಟ್ಯಾಂಕ್ ಸಿಗುತ್ತದೆ. ಮೂರು ದಿನಕ್ಕೆ ಹೋಗೋಣವೇ ಅಂತಲೂ ಲೆಕ್ಕ ಹಾಕಿದ್ದೆವು. 2880 ಲೀಟರ್, ಅಡ್ಡಗೋಡೆ ಸೇರಿ 1.86 ಘನ ಮೀಟರ್ ಕಾಂಕ್ರೀಟ್. ಆದರೆ ಗಸಿಯಲ್ಲಿ ಕೂರಬೇಕಾದ್ದು ಬಹುಪಾಲು ಮೊದಲ ದಿನವೇ ಕೂತುಬಿಡುತ್ತದೆ. ಮೂರನೇ ದಿನದಿಂದ ನೀರು ಅಷ್ಟೇನೂ ತಿಳಿಯಾಗುವುದಿಲ್ಲ.

ಕಕ್ಕಸಿನ ನೀರು ಮಾತ್ರ ಟ್ಯಾಂಕಿಗೆ ಬಿಟ್ಟು, ಬಚ್ಚಲು-ಅಡುಗೆಮನೆಯದನ್ನು ಬೇರೆ ಕಡೆ ಹರಿಸುವವರಿಗೆ ಈ ಜಗಳವೇ ಇಲ್ಲ. ಒಬ್ಬರಿಗೆ ದಿನಕ್ಕೆ 40 ಲೀಟರ್ ನೀರು, ವರ್ಷಕ್ಕೆ 25 ಲೀಟರ್ ಗಸಿ ಹಿಡಿದರೆ ಆರು ಜನಕ್ಕೆ ಒಂದು ದಿನಕ್ಕೆ 690 ಲೀಟರ್, ಎರಡು ದಿನಕ್ಕೆ 930. ಇತ್ತ 75 ಸೆಂ.ಮೀ. ಅಗಲ, ಅದರ ಎರಡರಷ್ಟು ಉದ್ದ, ಒಂದು ಮೀಟರ್ ಆಳದ ಅತಿ ಚಿಕ್ಕ ಟ್ಯಾಂಕಿಗೇ 1125 ಲೀಟರ್ ಹಿಡಿಯುತ್ತದೆ. ಅದನ್ನೇ ಕಟ್ಟಿಸಿದರಾಯಿತು.