ಕ್ಯೂ, ಬ್ಯಾಕ್‌ಟ್ರ್ಯಾಕಿಂಗ್, ಸ್ಯಾವಿಚ್: ಮೂರನ್ನೂ ಓಡಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಹುಡುಕಾಟದ ಈ ಮೂರು ವಿಧಾನಗಳಲ್ಲಿ ನನಗೆ ಇಷ್ಟವಾದದ್ದು ಸ್ಯಾವಿಚ್ ದಾರಿ. ಅದು ಇಷ್ಟವಾಗೋಕೆ ಮುಂಚೆ 32 ಜಿಬಿ ರ‍್ಯಾಮ್ ಕೊಂಡು ದುಡ್ಡು ಕಳೆದುಕೊಂಡಿದ್ದೆ.

ಆಗಿದ್ದಿಷ್ಟು. ಪಂಪುಗಳ ಕಂಟ್ರೋಲರ್ ಒಂದನ್ನು ಪರೀಕ್ಷೆ ಮಾಡುತ್ತಿದ್ದೆ. ಅದರಲ್ಲಿ ಆನ್-ಆಫ್ ಆಗುವ 40 ಬಿಟ್‌ಗಳು. ಮಾಮೂಲಿ ಸ್ಥಿತಿಯಿಂದ ಶುರು ಮಾಡಿದರೆ ಕೆಟ್ಟ ಸ್ಥಿತಿಯೊಂದಕ್ಕೆ ಯಾವತ್ತಾದರೂ ತಲುಪುತ್ತದಾ ಅನ್ನೋದು ಪ್ರಶ್ನೆ. ಪ್ರತಿ ಹೆಜ್ಜೆಗೂ ಎರಡು ಆಯ್ಕೆ ಅಂತಿಟ್ಟುಕೊಳ್ಳಿ.

ನಾನ್‌ಡಿಟರ್ಮಿನಿಸ್ಟಿಕ್ ಯಂತ್ರಕ್ಕೆ ಇದು ಸಲೀಸು. ಅದು ಪ್ರತಿ ಹೆಜ್ಜೆಯನ್ನೂ ಊಹಿಸುತ್ತದೆ. ಯಾವುದಾದರೂ ಒಂದು ಊಹೆಯ ಸಾಲು ಗುರಿ ಮುಟ್ಟಿದರೆ ಉತ್ತರ ಹೌದು. ಅದಕ್ಕೆ ಬೇಕಾದದ್ದು ಈಗಿನ ಸ್ಥಿತಿಗೆ 40 ಬಿಟ್, ಎಷ್ಟು ಹೆಜ್ಜೆ ಆಯಿತು ಅಂತ ಎಣಿಸೋಕೆ ಇನ್ನೊಂದು 40 ಬಿಟ್, ಅಷ್ಟೇ. ನಿಜವಾದ ಕಂಪ್ಯೂಟರ್ ಊಹಿಸುವ ಹಾಗಿಲ್ಲ, ಎಲ್ಲವನ್ನೂ ತಾನೇ ಹುಡುಕಬೇಕು. ಹುಡುಕೋಕೆ ಎಷ್ಟು ಜಾಗ ಬೇಕು? ಹೋಲಿಕೆ ಇರೋದು ಅಲ್ಲಿ.

ಕ್ಯೂ ಇಟ್ಟುಕೊಂಡು ಹುಡುಕುವುದು ಎಲ್ಲರಿಗೂ ಗೊತ್ತು. ನೋಡಿದ ಸ್ಥಿತಿಗೆ ಗುರುತು ಹಾಕುತ್ತಾ ಹೋಗುವುದು. ಒಂದು ಸ್ಥಿತಿಗೆ ಒಂದೇ ಬಿಟ್ ಗುರುತು ಅಂದರೂ 2^40 ಬಿಟ್, ಅಂದರೆ 128 ಜಿಬಿ. ಈ ಲೆಕ್ಕ ಹಾಕದೆ ನಾನು ರ‍್ಯಾಮ್ ತಂದಿದ್ದೆ.

ಹಾಗಾದರೆ ಬ್ಯಾಕ್‌ಟ್ರ್ಯಾಕಿಂಗ್ ಮಾಡೋಣ, ಗುರುತುಗಳೇ ಬೇಡ, ನಡೆದ ದಾರಿ ಒಂದನ್ನೇ ನೆನಪಿಟ್ಟುಕೊಂಡರೆ ಸಾಕು ಅಂದುಕೊಂಡೆ. ಇಲ್ಲಿ ತುಂಬಾ ಜನ ಎಡವುತ್ತಾರೆ. ದಾರಿಯೇ ಎಷ್ಟು ಉದ್ದ ಇರಬಹುದು ನೋಡಿ. ಗುರಿ ತಲುಪುವ ಅತಿ ಚಿಕ್ಕ ದಾರಿ ಕೂಡ ಸುಮಾರು 2^40 ಹೆಜ್ಜೆ ಇರಬಹುದು. ಪ್ರತಿ ಹೆಜ್ಜೆಯಲ್ಲಿ ಎಡಕ್ಕೆ ಹೋದೆನಾ ಬಲಕ್ಕೆ ಹೋದೆನಾ ಅಂತ ಒಂದೇ ಬಿಟ್ ಬರೆದಿಟ್ಟರೂ ಮತ್ತೆ ಅದೇ 128 ಜಿಬಿ. ಚಿಕ್ಕ ಉದಾಹರಣೆಗಳಲ್ಲಿ ದಾರಿ ಗಿಡ್ಡ ಇರೋದರಿಂದ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಮೂರನೆಯದು ಕಂಪ್ಯೂಟರ್ ವಿಜ್ಞಾನಿ ವಾಲ್ಟರ್ ಸ್ಯಾವಿಚ್ 1970ರಲ್ಲಿ ಕೊಟ್ಟದ್ದು. ಊಹಿಸುವ ಯಂತ್ರ ಎಷ್ಟು ಜಾಗದಲ್ಲಿ ಕೆಲಸ ಮುಗಿಸುತ್ತದೋ, ಸುಮಾರು ಅದರ ವರ್ಗದಷ್ಟು ಜಾಗ ಇದ್ದರೆ ಊಹೆಯಿಲ್ಲದೆಯೂ ಮುಗಿಸಬಹುದು ಅನ್ನೋದು ಅವರ ಪ್ರಮೇಯ. ಅವರು ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ನಡೆಯುವುದಿಲ್ಲ. ದಾರಿಯ ನಡುವಿನ ಸ್ಥಿತಿ ಯಾವುದು ಅಂತ ಕೇಳುತ್ತಾರೆ. `u`ನಿಂದ `v`ಗೆ 2^k ಹೆಜ್ಜೆಯೊಳಗೆ ಹೋಗಬಹುದು ಅಂದರೆ, ಮಧ್ಯದಲ್ಲಿ ಯಾವುದೋ ಒಂದು `m` ಇರಲೇಬೇಕು. ಅಲ್ಲಿವರೆಗೆ ಹೆಜ್ಜೆಗಳಲ್ಲಿ ಅರ್ಧ, ಅಲ್ಲಿಂದ ಮುಂದೆ ಇನ್ನರ್ಧ. ಆ `m` ಯಾವುದು ಅಂತ ಗೊತ್ತಿಲ್ಲವಾದ್ದರಿಂದ ಎಲ್ಲ ಸ್ಥಿತಿಗಳನ್ನೂ ಒಂದೊಂದಾಗಿ ಹಾಕಿ ನೋಡುವುದು. ಒಂದೇ ಹೆಜ್ಜೆಯಲ್ಲಿ `u`ನಿಂದ `v`ಗೆ ಹೋಗಬಹುದಾ ಅಂತ `step` ಹೇಳುತ್ತದೆ.

```
def reach(u, v, k):
    if k == 0:
        return u == v or step(u, v)
    for m in range(16):
        if reach(u, m, k-1) and reach(m, v, k-1):
            return True
    return False
```

ಇದನ್ನು ನಾನು ಮೊದಲು ಓಡಿಸಿದ್ದು ನದಿ ದಾಟುವ ಒಗಟಿನ ಮೇಲೆ. ಹುಲಿ, ಮೇಕೆ, ಹುಲ್ಲು, ದೋಣಿಯವನು ಇದ್ದಾರಲ್ಲ, ಅದೇ. ದೋಣಿಯವನು, ಹುಲಿ, ಮೇಕೆ, ಹುಲ್ಲು ಈ ಕ್ರಮದಲ್ಲಿ ನಾಲ್ಕು ಬಿಟ್. ಈ ದಡದಲ್ಲಿದ್ದರೆ 0, ಆ ದಡದಲ್ಲಿದ್ದರೆ 1. ಒಟ್ಟು 16 ಸ್ಥಿತಿ. `0000`ದಿಂದ `1111`ಕ್ಕೆ 8 ಹೆಜ್ಜೆಯೊಳಗೆ, ಅಂದರೆ `k = 3`, ಹೋಗಬಹುದಾ ಅಂತ ಕೇಳಿದೆ.

ಮೊದಲು `m = 0000` ಹಾಕಿ ನೋಡುತ್ತದೆ. ಮೊದಲರ್ಧ ಸುಮ್ನೆ ನಿಂತಲ್ಲೇ ಆಗಿಹೋಗುತ್ತದೆ. ಆದರೆ ಅಲ್ಲಿಂದ 4 ಹೆಜ್ಜೆಯಲ್ಲಿ ಎಲ್ಲರೂ ದಾಟೋಕೆ ಆಗಲ್ಲ, ಬಿದ್ದುಹೋಯಿತು. ಆಮೇಲೆ `m = 0001`, ಅಂದರೆ ಹುಲ್ಲು ಮಾತ್ರ ಆ ದಡದಲ್ಲಿ. ಅಲ್ಲಿಗೆ 4 ಹೆಜ್ಜೆ: ಮೇಕೆ ದಾಟಿಸು, ಒಬ್ಬನೇ ವಾಪಸ್ ಬಾ, ಹುಲ್ಲು ದಾಟಿಸು, ಮೇಕೆಯನ್ನು ವಾಪಸ್ ತಾ. ಅಲ್ಲಿಂದ 3 ಹೆಜ್ಜೆ: ಹುಲಿ ದಾಟಿಸು, ಒಬ್ಬನೇ ಬಾ, ಮೇಕೆ ದಾಟಿಸು. ಒಟ್ಟು 7, ಉತ್ತರ ಹೌದು.

ಜಾಗ ಉಳಿದದ್ದು ಎಲ್ಲಿ ಅಂದರೆ ಆ `and`ನಲ್ಲಿ. ಮೊದಲರ್ಧದ ಹುಡುಕಾಟ ಮುಗಿದಾಗ ಉಳಿಯುವುದು ಹೌದು ಅಥವಾ ಇಲ್ಲ, ಒಂದೇ ಬಿಟ್. ಅದು ಬಳಸಿದ್ದ ಜಾಗವನ್ನೆಲ್ಲ ಒರೆಸಿ, ಎರಡನೇ ಅರ್ಧ ಅದೇ ಜಾಗದಲ್ಲಿ ಕೂರುತ್ತದೆ. ಒಂದೇ ಸ್ಲೇಟಿನ ಮೇಲೆ ಒಂದು ಲೆಕ್ಕ ಅಳಿಸಿ ಇನ್ನೊಂದು ಲೆಕ್ಕ ಮಾಡಿದ ಹಾಗೆ. ಹಾಗಾಗಿ ಯಾವ ಕ್ಷಣದಲ್ಲೂ ಸ್ಟ್ಯಾಕ್‌ನಲ್ಲಿರುವುದು ಒಂದು ಹಂತಕ್ಕೆ ಒಂದೇ ಫ್ರೇಮ್.

ಈಗ 40 ಬಿಟ್‌ನ ಲೆಕ್ಕ. ದಾರಿ 2^40 ಹೆಜ್ಜೆ ಇದ್ದರೂ, ಅರ್ಧ ಅರ್ಧ ಮಾಡುತ್ತಾ ಹೋದರೆ 40 ಹಂತ ಅಷ್ಟೇ. ಪ್ರತಿ ಹಂತದಲ್ಲಿ `u`, `v`, `m` ಮೂರು ಸ್ಥಿತಿ, 120 ಬಿಟ್. ಯಾವ ಅರ್ಧದಲ್ಲಿದ್ದೇವೆ ಅನ್ನೋಕೆ ಇನ್ನೊಂದು. 40 × 121 = 4,840 ಬಿಟ್, ಅಂದರೆ 605 ಬೈಟ್. ಪೈಥಾನ್‌ನ ಸ್ವಂತ ತೂಕ ಬಿಟ್ಟು ಹೇಳುತ್ತಿದ್ದೇನೆ. 128 ಜಿಬಿ ಎಲ್ಲಿ, 605 ಬೈಟ್ ಎಲ್ಲಿ! ಊಹಿಸುವ ಯಂತ್ರಕ್ಕೆ `s` ಬಿಟ್ ಸಾಕಾದರೆ ನಮಗೆ ಸುಮಾರು `s` ಹಂತ, ಹಂತಕ್ಕೆ ಸುಮಾರು `3s` ಬಿಟ್. ವರ್ಗ ಬಂದದ್ದು ಈ ಗುಣಾಕಾರದಿಂದ. (ಇನ್‌ಪುಟ್‌ನ ಉದ್ದ `n` ಆದರೆ `s` ಅನ್ನೋದು ಕನಿಷ್ಠ `log n` ಇರಬೇಕು. ಎಷ್ಟು ಅಂತ ಮೊದಲೇ ಗೊತ್ತಿಲ್ಲದಿದ್ದರೆ 1, 2, 3 ಅಂತ ಏರಿಸುತ್ತಾ ಹೋಗಬಹುದು.)

ನನ್ನನ್ನು ಮೂರು ದಿನ ಕಾಡಿದ ತೊಡಕು ಬೇರೆ. ಪ್ರೋಗ್ರಾಮ್ ವಿಪರೀತ ನಿಧಾನ. ಒಂದೇ ಪ್ರಶ್ನೆಯನ್ನು ಸಾವಿರ ಸಲ ಕೇಳುತ್ತಿದೆ ಅಂತ ಲಾಗ್ ನೋಡಿದರೆ ಗೊತ್ತಾಗುತ್ತಿತ್ತು. ಒಮ್ಮೆ ಸಿಕ್ಕ ಉತ್ತರವನ್ನು ಬರೆದಿಟ್ಟುಕೊಳ್ಳೋಣ ಅಂತ `reach` ಮೇಲೆ `@lru_cache(maxsize=None)` ಅಂತ ಒಂದು ಸಾಲು ಹಾಕಿದೆ. ಒಗಟು ಕಣ್ಣು ಮಿಟುಕಿಸೋದರೊಳಗೆ ಮುಗಿಯಿತು. ಖುಷಿಯಾಗಿ ಬಿಟ್‌ಗಳನ್ನು ಏರಿಸಿದೆ. ಮೆಮೊರಿ ಮತ್ತೆ ಏರುತ್ತಲೇ ಹೋಯಿತು.

ಸ್ಟ್ಯಾಕ್ ಆಳ ಅಳತೆ ಮಾಡಿದೆ, ಸರಿಯಾಗೇ ಇತ್ತು. ತಪ್ಪು ಎಲ್ಲಿ ಅಂತ ಹುಡುಕಿ ಹುಡುಕಿ ಸಾಕಾಯಿತು. ಕೊನೆಗೆ ಕ್ಯಾಶ್‌ನ ಗಾತ್ರ ಪ್ರಿಂಟ್ ಮಾಡಿದಾಗ ತಿಳಿಯಿತು. ಅದು `u` ಮತ್ತು `v` ಜೋಡಿಗಳಿಗೆಲ್ಲ ಉತ್ತರ ಕೂಡಿಡುತ್ತದೆ. ನಾಲ್ಕು ಬಿಟ್‌ಗೆ ಹಂತಕ್ಕೆ ಹೆಚ್ಚೆಂದರೆ 256 ಜೋಡಿ, ಏನೂ ಅಲ್ಲ. 40 ಬಿಟ್‌ಗೆ 2^80 ಜೋಡಿ. ಅಂದರೆ ಕ್ಯೂಗಿಂತಲೂ ಕೆಟ್ಟದ್ದು. ಈ ದಾರಿಯಲ್ಲಿ ಜಾಗ ಉಳಿಯುವುದೇ ಉತ್ತರವನ್ನು ಮರೆತು ಮತ್ತೆ ಲೆಕ್ಕ ಮಾಡುವುದರಿಂದ. ಮರೆಯದಂತೆ ಮಾಡಿದರೆ ಪ್ರಮೇಯವೇ ಕೈಬಿಟ್ಟುಹೋಗುತ್ತದೆ. ಕ್ಯಾಶ್ ಸಾಲು ತೆಗೆದೆ.

ತೆಗೆದ ಮೇಲೆ ಸಮಯದ ಬೆಲೆ ಪೂರ್ತಿ ಕೊಡಲೇಬೇಕು. 16 ಸ್ಥಿತಿ, ಪ್ರತಿಯೊಂದಕ್ಕೂ ಎರಡು ಅರ್ಧ, 4 ಹಂತ ಅಂದರೆ ಅತಿ ಕೆಟ್ಟ ಸಂದರ್ಭದಲ್ಲಿ 32^4, ಸುಮಾರು ಹತ್ತೂವರೆ ಲಕ್ಷ ಪರೀಕ್ಷೆ. ಆರು ಬಿಟ್‌ಗೆ ಅದು 128^6, ಅಂದರೆ 4.4 ಲಕ್ಷ ಕೋಟಿ. ಸೆಕೆಂಡಿಗೆ ಹತ್ತು ಲಕ್ಷ ಮಾಡಿದರೂ 51 ದಿನ. ಅದೇ 64 ಸ್ಥಿತಿಗಳನ್ನು ಕ್ಯೂ ಕ್ಷಣದಲ್ಲಿ ಮುಗಿಸುತ್ತದೆ.

ದಾರಿಗಳು ಎರಡೂ ಕಡೆ ಓಡಾಡುವಂಥವಾದರೆ ಇನ್ನೂ ಕಡಿಮೆ ಜಾಗ ಸಾಕು ಅಂತ ಓಮರ್ ರೈನ್‌ಗೋಲ್ಡ್ ತೋರಿಸಿದ್ದಾರೆ. ಒಂದೇ ಕಡೆ ಹೋಗುವ ದಾರಿಗಳಿಗೆ ಸ್ಯಾವಿಚ್ ಕೊಟ್ಟ ವರ್ಗದ ಮಿತಿಯನ್ನು ಇನ್ನೂ ಯಾರೂ ಮುರಿದಿಲ್ಲ.

ಹಾಗಾಗಿ ಈಗ ನನ್ನ ರೂಢಿ ಹೀಗಿದೆ. 30 ಬಿಟ್‌ವರೆಗೆ ಗುರುತಿನ ಪಟ್ಟಿ 128 ಎಂಬಿಯಲ್ಲಿ ಮುಗಿಯುತ್ತದೆ, ಕ್ಯೂ ಓಡಿಸುತ್ತೇನೆ. ಬ್ಯಾಕ್‌ಟ್ರ್ಯಾಕಿಂಗ್ ಅನ್ನು ಜಾಗ ಉಳಿಸುವ ಆಸೆಯಿಂದ ಮುಟ್ಟುವುದಿಲ್ಲ. ಒಂದು ಸಮಸ್ಯೆ ಎಷ್ಟು ಜಾಗದಲ್ಲಿ ಬಿಡಿಸಬಹುದು ಅಂತ ತಿಳಿಯಬೇಕಾದಾಗ ಮಾತ್ರ, ಯೋಚನೆ ಮಾಡದೆ ಸ್ಯಾವಿಚ್. ಕಂಟ್ರೋಲರ್‌ನ ಪ್ರಶ್ನೆಗೂ ಹಾಗೇ ಮಾಡಿದೆ. ಊಹಿಸುತ್ತಾ ನಡೆಯುವ ಯಂತ್ರವನ್ನು ನಾಲ್ಕು ಸಾಲಿನಲ್ಲಿ ಬರೆದೆ. ಅದಕ್ಕೆ ಬೇಕಾದ ಜಾಗ ಬಹುಪದಿಯ ಮಟ್ಟದಲ್ಲಿತ್ತು. ಬಹುಪದಿಯ ವರ್ಗವೂ ಬಹುಪದಿಯೇ ಅಲ್ವಾ? ಪ್ರಶ್ನೆ `PSPACE` ಒಳಗೆ, ಅಂದರೆ ಬಹುಪದಿಯಷ್ಟು ಜಾಗದಲ್ಲಿ ಬಿಡಿಸಬಹುದಾದ ಸಮಸ್ಯೆಗಳ ಗುಂಪಿನೊಳಗೆ ಬಂತು. ಊಹೆಯಿಲ್ಲದ ಪ್ರೋಗ್ರಾಮನ್ನು ನಾನು ಕೈಯಾರೆ ಕಟ್ಟಬೇಕಾಗಲೇ ಇಲ್ಲ.