ಫೈರ್‌ವಾಲ್ ಲಾಗ್ ಓದೋ ಮೂರು ದಾರಿ: ಲೆಕ್ಕ, ಲುಕಪ್, ಖಾಲಿ ಐಪಿ

ಮೈಸೂರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಸಣ್ಣ ಕಂಪನಿ ನೆಟ್‌ವರ್ಕ್ ನಾನು ನೋಡ್ಕೊಳ್ಳೋದು. ಅಲ್ಲಿನ ಓನರ್ ಒಂದಿನ ಲಿನಕ್ಸ್ ಫೈರ್‌ವಾಲ್ ufw ಲಾಗ್ ನೋಡ್ಬಿಟ್ಟು "ಏನಪ್ಪಾ ಇದು, ರಾತ್ರಿಯೆಲ್ಲಾ ನಮ್ಮನ್ನೇ ಅಟ್ಯಾಕ್ ಮಾಡ್ತಾವ್ರಲ್ಲ" ಅಂದ್ರು. ಪಬ್ಲಿಕ್ ಐಪಿ ಇದ್ರೆ ಬ್ಲಾಕ್ ಲೈನ್ ಬಂದೇ ಬರುತ್ತೆ, ಅದ್ರಲ್ಲಿ ನಮ್ಮನ್ನೇ ಹುಡ್ಕೊಂಡು ಬಂದಿದ್ದು ಯಾವ್ದು ಅನ್ನೋದೇ ಪ್ರಶ್ನೆ. ಅದಕ್ಕೆ ಮೂರು ದಾರಿ ಹಿಡಿದು ನೋಡ್ದೆ.

ಮೊದಲ್ನೇದು ಎಲ್ರೂ ಮಾಡೋದೇ, ಯಾವ ಐಪಿಯಿಂದ ಎಷ್ಟು ಸಲ ಅಂತ ಲೆಕ್ಕ.

```
grep 'UFW BLOCK' /var/log/ufw.log | grep -o 'SRC=[0-9.]*' | sort | uniq -c | sort -rn | head
```

ನನ್ನ ಪ್ರಕಾರ ಇದು ಮೂರರಲ್ಲಿ ಅತೀ ಕಳಪೆ. ಲಿಸ್ಟಿನ ಮೇಲೆ ಬರೋದು ಇಡೀ ಇಂಟರ್ನೆಟ್ಟನ್ನೇ ಗುಡಿಸೋ ಸ್ಕ್ಯಾನರ್‌ಗಳು, ಗುರಿ ಇಟ್ಟು ಬರೋನು ನಿಧಾನಕ್ಕೆ ನಾಲ್ಕೈದು ಪ್ಯಾಕೆಟ್ ಕಳ್ಸಿ ಸುಮ್ನಾಗ್ತಾನೆ, ಅವ್ನು ಕೆಳಗೆಲ್ಲೋ ಬಿದ್ದಿರ್ತಾನೆ. ಇನ್ನೊಂದು ಏನಪ್ಪಾ ಅಂದ್ರೆ ufw ಡೀಫಾಲ್ಟ್ ಲಾಗಿಂಗ್ low, ಅದಕ್ಕೆ ರೇಟ್ ಲಿಮಿಟ್ ಇದೆ, ನಿಮಿಷಕ್ಕೆ 3, ಬರ್ಸ್ಟ್ 10. ಅಂದ್ರೆ ಗಲಾಟೆ ಜೋರಾಗಿರೋ ಹೊತ್ತಲ್ಲಿ ಬೇಕಾದ ಲೈನೇ ಬಿಟ್ಟೋಗಿರಬಹುದು. `ufw logging high` ಮಾಡಿದ್ರೆ ಬ್ಲಾಕ್ ಆಗಿದ್ದೆಲ್ಲಾ ಬರುತ್ತೆ, ಆದ್ರೆ ಫೈಲ್ ಊದ್ಕೊಳ್ಳುತ್ತೆ, ಡಿಸ್ಕ್ ಮೇಲೆ ಒಂದು ಕಣ್ಣಿರ್ಲಿ.

ಎರಡನೇದು ಐಪಿನ ಗ್ರೇನಾಯ್ಸ್, ಅಬ್ಯೂಸ್‌ಐಪಿಡಿಬಿ ಥರ ಯಾವ ಐಪಿ ಏನು ಮಾಡ್ತಿದೆ ಅಂತ ಲೆಕ್ಕ ಇಡೋ ಸೈಟ್‌ಗಳಲ್ಲಿ ಹಾಕಿ ನೋಡೋದು. ಶೋಡಾನ್, ಸೆನ್ಸಿಸ್, ಶಾಡೋಸರ್ವರ್ ಥರ ಎಲ್ರನ್ನೂ ಸ್ಕ್ಯಾನ್ ಮಾಡೋವ್ರ ಐಪಿ ಗ್ರೇನಾಯ್ಸಲ್ಲಿ ಹೆಸರು ಸಮೇತ ಸಿಗುತ್ತೆ, ಹಂಗೆ ಸಿಕ್ಕಿದ್ದನ್ನ ಪಕ್ಕಕ್ಕೆ ತಳ್ಳಬಹುದು. ಕಸ ಬೇರೆ ಮಾಡೋಕೆ ಚೆನ್ನಾಗಿದೆ. ಆದ್ರೆ "ಮಾಹಿತಿ ಇಲ್ಲ" ಅಂತ ಬಂದ್ರೆ ಏನರ್ಥ? ನಿನ್ನೆ ತಾನೇ ಬಾಟ್‌ನೆಟ್‌ಗೆ ಸೇರಿರೋ ಯಾರದೋ ಮನೆ ರೂಟರೂ ಆಗಿರಬಹುದು, ನಿಮ್ಮನ್ನೇ ನೋಡ್ತಿರೋನೂ ಆಗಿರಬಹುದು, ಅಲ್ಲಿಗೆ ಈ ದಾರಿ ಮುಗೀತು.

ಮೂರನೇದೇ ನಂಗೆ ಇಷ್ಟ ಆಗಿದ್ದು. ನಮ್ದು /29 ಬ್ಲಾಕ್, ಅದ್ರಲ್ಲಿ .13, .14 ಖಾಲಿ ಇತ್ತು, ಅವನ್ನ ಫೈರ್‌ವಾಲ್‌ನ ಹೊರಗಿನ ಇಂಟರ್‌ಫೇಸ್‌ಗೇ ಸೇರಿಸ್ದೆ, ಸರ್ವೀಸ್ ಏನೂ ಇಲ್ಲ, ಬರೀ ಲಾಗ್. ಹಿಂಗೆ ಸೇರಿಸ್ಲಿಲ್ಲ ಅಂದ್ರೆ ಆ ಅಡ್ರೆಸ್‌ಗೆ ಎಆರ್‌ಪಿ ಉತ್ತರ ಕೊಡೋರೇ ಇರಲ್ಲ, ಪ್ಯಾಕೆಟ್ ನಿಮ್ಮ ತನಕ ಬರೋದೇ ಇಲ್ಲ. ಸರಸ್ವತಿಪುರಂ ಬೀದೀಲಿ ಪಾಂಪ್ಲೆಟ್ ಹಂಚೋ ಹುಡುಗ ಖಾಲಿ ಮನೆ ಗೇಟಿಗೂ ಒಂದು ಸಿಗಿಸೇ ಹೋಗ್ತಾನಲ್ಲ, ಬ್ಯಾಕ್‌ಗ್ರೌಂಡ್ ಸ್ಕ್ಯಾನಿಂಗೂ ಹಂಗೇ. ಸರ್ವರ್ ಇರೋ .10ಕ್ಕೆ ಮಾತ್ರ ಬಂದು ಖಾಲಿ ಐಪಿಗಳ್ನ ಮುಟ್ಟದೇ ಹೋದೋನ ಮೇಲೆ ಅನುಮಾನ ಪಡಬೇಕು.

ಇಲ್ಲಿ ಎರಡು ಲೈನ್ ನೋಡಿ, ಐಪಿ ಬದಲಾಯ್ಸಿದೀನಿ, ಬೇಡದ್ದು ತೆಗ್ದಿದೀನಿ.

```
SRC=203.0.113.77 DST=198.51.100.13 LEN=40 TTL=241 ID=54321 DPT=23 WINDOW=65535 SYN
SRC=192.0.2.45 DST=198.51.100.10 LEN=60 TTL=51 ID=20817 DF DPT=10443 WINDOW=64240 SYN
```

ಮೊದಲ್ನೇದ್ರಲ್ಲಿ ID 54321 ಇದೆ, ಅದು ಝಡ್‌ಮ್ಯಾಪ್ ಅನ್ನೋ ಸ್ಕ್ಯಾನಿಂಗ್ ಟೂಲ್ ಬಹಳ ವರ್ಷ ಹಾಕ್ತಿದ್ದ ನಂಬರ್. ಪೋರ್ಟ್ 23 ಟೆಲ್‌ನೆಟ್, ಒಂದೇ ಪ್ಯಾಕೆಟ್, ಅದೇ ದಿನ .10 ಮತ್ತೆ .14ಕ್ಕೂ ಬಂದಿತ್ತು. ಇದನ್ನ ಮರೆತುಬಿಡಿ.

ಎರಡನೇದು .10ಕ್ಕೆ ಮಾತ್ರ. LEN 60, ವಿಂಡೋ 64240 ಅಂದ್ರೆ ಮಾಮೂಲಿ ಲಿನಕ್ಸ್ ಮಷೀನ್ ನಿಜವಾಗ್ಲೂ ಕನೆಕ್ಟ್ ಮಾಡೋಕೆ ನೋಡಿರೋ ಹಂಗಿದೆ. ಅದೇ ಸೋರ್ಸ್ ಪೋರ್ಟಿಂದ 1 ಸೆಕೆಂಡ್, ಆಮೇಲೆ 2, ಆಮೇಲೆ 4 ಸೆಕೆಂಡ್ ಬಿಟ್ಟು ಮತ್ತೆ ಮತ್ತೆ ಬಂದಿತ್ತು. ಡ್ರಾಪ್ ಮಾಡಿದಾಗ ಅಸಲಿ ಟಿಸಿಪಿ ಹಿಂಗೇ ರೀಟ್ರೈ ಮಾಡೋದು, ಒಂದು ಪ್ಯಾಕೆಟ್ ಎಸೆದು ಹೋಗೋ ಸ್ಕ್ಯಾನರ್‌ಗೆ ಅಷ್ಟು ತಾಳ್ಮೆ ಎಲ್ಲಿ. 10443 ಆದ್ಮೇಲೆ 4433, ಆಮೇಲೆ 1194, ಎಲ್ಲಾ ವಿಪಿಎನ್ ಸಿಗೋ ಪೋರ್ಟೇ. ಗ್ರೇನಾಯ್ಸಲ್ಲಿ ಅವನ ಸುದ್ದಿ ಇಲ್ಲ. ಅದೇ ಹೊತ್ತಿನ ವೆಬ್ ಸರ್ವರ್ ಲಾಗಲ್ಲಿ ಅದೇ ಐಪಿ ನಮ್ಮ ಮೇಲ್ ಸರ್ವರ್ ಹೆಸರು ಹಿಡಿದು ಕೇಳಿತ್ತು. ಹೆಸರು ಗೊತ್ತಿದೆ ಅನ್ನೋದೊಂದೇ ಸಾಕ್ಷಿ ಅಲ್ಲ ಕಣ್ರೀ, ಟಿಎಲ್‌ಎಸ್ ಸರ್ಟಿಫಿಕೇಟ್ ತಗೊಂಡ ತಕ್ಷಣ ಹೆಸರು ಸಾರ್ವಜನಿಕ ಲಾಗಲ್ಲಿ ಬೀಳುತ್ತೆ, ಬಾಟ್‌ಗಳು ಅದನ್ನ ನೋಡ್ಕೊಂಡೂ ಬರ್ತಾವೆ. ಇಲ್ಲಿ ಎಲ್ಲಾ ಒಟ್ಟಿಗೆ ಸೇರಿದ್ದಕ್ಕೆ ವಿಪಿಎನ್ ಲಾಗಿನ್ ಪೇಜ್ ಹೊರಗಿನವ್ರಿಗೆ ಕಾಣದಂಗೆ ಮಾಡಿಸ್ದೆ.

ಈ ದಾರೀಲೂ ಎಡವೋ ಜಾಗ ಇದೆ. ಝಡ್‌ಮ್ಯಾಪ್, ಮಾಸ್‌ಸ್ಕ್ಯಾನ್ ಅಡ್ರೆಸ್ಸುಗಳನ್ನ ಕಲಸಿ ಹೊಡೀತಾವೆ, .10ಕ್ಕೆ ಬೆಳಿಗ್ಗೆ ಬಂದಿದ್ದು .14ಕ್ಕೆ ಸಂಜೆ ಬರಬಹುದು, ಅದಕ್ಕೆ ಒಂದಿಡೀ ದಿನ ಕಾಯದೇ ತೀರ್ಮಾನ ಮಾಡಬೇಡಿ. SYN ಜೊತೆ ACK ಇದ್ದು ಸೋರ್ಸ್ ಪೋರ್ಟ್ 443 ಅಥವಾ 80 ಇದ್ರೆ ಅದು ಬಹುತೇಕ ಪ್ರೋಬೇ ಅಲ್ಲ, ಯಾರೋ ನಿಮ್ಮ ಐಪಿ ನಕಲಿ ಹಾಕಿ ಬೇರೆಯವ್ರ ಮೇಲೆ ದಾಳಿ ಮಾಡ್ದಾಗ ಅವ್ರ ಸರ್ವರ್ ಕಳ್ಸಿರೋ ಉತ್ತರ, ಅದು ನಿಮ್ಮ ಒಂದೇ ಐಪಿಗೂ ಬರಬಹುದು. ಇನ್ನು ಒಂದೇ ಸ್ಟ್ಯಾಟಿಕ್ ಐಪಿ ಇರೋವ್ರಿಗೆ ಈ ಹೋಲಿಕೆ ಸಿಗಲ್ಲ, ಅವ್ರು ಲುಕಪ್ ಮಾಡಿ ಉಳಿದಿದ್ದಕ್ಕೆ ರೀಟ್ರೈ ಗ್ಯಾಪ್, ಪೋರ್ಟುಗಳ ಜೊತೆ ನೋಡ್ಕೊಂಡು ಹೋಗಬೇಕು ಅಷ್ಟೇ.