ಖಾಸಗಿ ಐಪಿ ವಿಳಾಸವೋ, ಸಾರ್ವಜನಿಕ ವಿಳಾಸವೋ?

ದಾವಣಗೆರೆಯ ಅಂಗಡಿಯೊಂದರ ಸಿಸಿಟಿವಿ ರೆಕಾರ್ಡರನ್ನು ಅಂಗಡಿಯ ವೈಫೈಯಿಂದಷ್ಟೇ ನೋಡುವುದಾದರೆ, ರೂಟರ್ ಕೊಟ್ಟ 192.168.1.20ರಂತಹ ಖಾಸಗಿ ವಿಳಾಸವೇ ಸಾಕು. ಆದರೆ ಅದೇ ಸಂಖ್ಯೆ ಪಕ್ಕದ ಅಂಗಡಿಯಲ್ಲೂ ಇರಬಹುದಾದ್ದರಿಂದ ಹೊರಗಿನಿಂದ ಅದನ್ನು ತಲುಪಲಾಗದು. ಚಿತ್ರದುರ್ಗದಲ್ಲಿ ಕುಳಿತು ರೆಕಾರ್ಡರನ್ನು ನೇರವಾಗಿ ತೆರೆಯಬೇಕಾದರೆ ಸಾರ್ವಜನಿಕ ವಿಳಾಸ ಬೇಕು.

ಅಂಗಡಿಯ ವೈಫೈಗೆ ಸೇರಿದ ವಿಂಡೋಸ್ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟಿನಲ್ಲಿ ಮೊದಲ ಆದೇಶವು ಆ ಕಂಪ್ಯೂಟರಿನ ಖಾಸಗಿ ವಿಳಾಸವನ್ನು `IPv4 Address` ಸಾಲಿನಲ್ಲಿಯೂ, ಎರಡನೆಯದು ಸಾರ್ವಜನಿಕ ವಿಳಾಸವನ್ನೂ ತೋರಿಸುತ್ತದೆ.

```
ipconfig
curl -4 ifconfig.me
```

ಎರಡನೆಯ ಉತ್ತರವನ್ನು ರೂಟರಿನ ಸೆಟ್ಟಿಂಗ್ಸ್ ಪುಟದಲ್ಲಿರುವ `WAN IP` ಜೊತೆ ತಪ್ಪದೆ ಹೋಲಿಸಿರಿ. ಅಲ್ಲಿ 100.64ರಿಂದ 100.127ರವರೆಗಿನ ಸಂಖ್ಯೆಯಿಂದ ಆರಂಭವಾಗುವ ಬೇರೆ ವಿಳಾಸವಿದ್ದರೆ, ಸೇವಾದಾರರು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದ್ದಾರೆ ಎಂದರ್ಥ. ಆಗ ರೂಟರಿನಲ್ಲಿ, ಹೊರಗಿನಿಂದ ಬಂದ ಕೋರಿಕೆಯನ್ನು ರೆಕಾರ್ಡರಿಗೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ಮಾಡಿ ಫಲವಿಲ್ಲ, ಅವರಿಂದ ಪ್ರತ್ಯೇಕ ಸಾರ್ವಜನಿಕ ವಿಳಾಸವನ್ನೇ ಕೇಳಿ ಪಡೆಯಬೇಕು.